ಎಣ್ಣೆ ಗಿರಣಿಯ ಶಾಫ್ಟ್ ಎಲ್ಲಿ ಮುರಿಯುತ್ತದೆ?

ಹೊಳಗುಂದದ ಸುತ್ತಿನ ಹೊಲಗಳಲ್ಲಿ ಬೆಳೆದ ಹತ್ತಿ, ಶೇಂಗಾ ಆದವಾನಿಯ ದಾರಿ ಹಿಡಿಯುವುದು ಹಳೆಯ ರೂಢಿ. 1953ರಲ್ಲಿ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು, ಆದರೆ ಹತ್ತಿಯ ದಾರಿ ಬದಲಾಗಲಿಲ್ಲ. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಒಂದು ಕಡೆಗೆ, ಹತ್ತಿಕಾಳು ಇನ್ನೊಂದು ಕಡೆಗೆ. ಕಾಳು ಎಣ್ಣೆ ಗಿರಣಿಗೆ ಹೋಗಿ ಎಣ್ಣೆಯೂ ಹಿಂಡಿಯೂ ಆಗುತ್ತದೆ. ಹಿಂಡಿ ಮತ್ತೆ ಊರಿನ ಎಮ್ಮೆಗಳ ಬಾಯಿಗೇ ಬರುತ್ತದೆ. ಈ ಸುತ್ತಿನ ನಡುವೆ ಕೂತಿರುವ ಯಂತ್ರವೇ ಎಕ್ಸ್‌ಪೆಲ್ಲರ್. ಅಮೆರಿಕದ ವಲೇರಿಯಸ್ ಆಂಡರ್ಸನ್ 1900ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಮೂಲ ಉಪಾಯ ಇಂದಿಗೂ ಅದೇ: ಸರಳುಗಳನ್ನು ಒತ್ತೊತ್ತಾಗಿ ಜೋಡಿಸಿದ ಪಂಜರದೊಳಗೆ ತಿರುಪಿನಂಥ ವರ್ಮ್ ತಿರುಗುತ್ತ ಕಾಳನ್ನು ಮುಂದಕ್ಕೆ ತಳ್ಳುತ್ತದೆ, ಬಾಯಿಯಲ್ಲಿ ಒಂದು ಕೋನ್ ದಾರಿಯನ್ನು ಕಿರಿದು ಮಾಡಿರುತ್ತದೆ, ಕಾಳು ಅರೆದು ಬಿಗಿಯುತ್ತದೆ, ಎಣ್ಣೆ ಸರಳುಗಳ ಸಂದಿನಿಂದ ಸೋರುತ್ತದೆ.

ಆ ವರ್ಮ್‌ಗಳನ್ನು ಹೊತ್ತ ಶಾಫ್ಟ್ ಒಮ್ಮೊಮ್ಮೆ ಮುರಿಯುತ್ತದೆ. ಮುರಿದಾಗ ಲೇತಿನ ಅಂಗಡಿಗಳಲ್ಲಿ ಕೇಳಿಬರುವ ಪರಿಹಾರ ಒಂದೇ: "ಇನ್ನೊಂದು ಹತ್ತು ಎಂಎಂ ದಪ್ಪ ಹಾಕ್ಸಿ, ಸಾಕು." ತೀರ ತಪ್ಪು ಮಾತಲ್ಲ. ಆದರೆ ಶಾಫ್ಟಿನ ಯಾವ ಜಾಗ ಎಷ್ಟು ಕಷ್ಟಪಡುತ್ತಿದೆ ಎಂಬುದನ್ನು ನೋಡದೆ ಇಡೀ ಶಾಫ್ಟನ್ನು ದಪ್ಪ ಮಾಡುವುದು ದುಬಾರಿ, ಮತ್ತು ಎಷ್ಟೋ ಸಲ ವ್ಯರ್ಥ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಕ್ಷೀಯ ಬಲ, ಬಾಗು, ತಿರುಚು ಮೂರೂ ಒಟ್ಟಿಗೆ ಬೀಳುವ ಶಾಫ್ಟಿನ ಲೆಕ್ಕವನ್ನು ಬಾಯಿಪಾಠ ಮಾಡಿದವರಿಗೂ ಈ ಯಂತ್ರದಲ್ಲಿ ಕಲಿಯುವುದಕ್ಕೆ ಏನೋ ಉಳಿದಿರುತ್ತದೆ.

ಶಾಫ್ಟಿನ ಜೋಡಣೆಯನ್ನು ಮೊದಲು ಕಣ್ಣಿಗೆ ತಂದುಕೊಳ್ಳಿ. ಒಂದು ತುದಿಯಲ್ಲಿ ಪಂಜರದೊಳಗೆ ವರ್ಮ್‌ಗಳು. ಪಂಜರದಿಂದ ಈಚೆಗೆ ಬಂದರೆ ಗೇರ್‌ಬಾಕ್ಸಿನ ಮೊದಲ ಬೇರಿಂಗ್. ಅದರಾಚೆ ಶಾಫ್ಟಿನ ಮೇಲೆ ಕೀ ಹಾಕಿ ಕೂರಿಸಿದ ದೊಡ್ಡ ಗೇರ್. ಅದರಾಚೆ, ಕಟ್ಟಕಡೆಗೆ, ಥ್ರಸ್ಟ್ ಬೇರಿಂಗ್. ಯಂತ್ರದಿಂದ ಯಂತ್ರಕ್ಕೆ ಜೋಡಣೆ ಬೇರೆಯಾಗಬಹುದು, ನಾನು ಲೆಕ್ಕಕ್ಕೆ ಈ ಒಂದನ್ನು ಹಿಡಿದಿದ್ದೇನೆ.

ಈಗ ಒಂದೊಂದು ಬಲವೂ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಎಂದು ನೋಡಬೇಕು. ವರ್ಮ್ ಹಿಂಡಿಯನ್ನು ಮುಂದಕ್ಕೆ ತಳ್ಳುತ್ತದೆ, ಹಿಂಡಿ ವರ್ಮನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಆ ತಳ್ಳು ಶಾಫ್ಟಿನ ಉದ್ದಕ್ಕೂ ಹರಿದು ಥ್ರಸ್ಟ್ ಬೇರಿಂಗಿನಲ್ಲಿ ಮುಗಿಯುತ್ತದೆ. ಹಾಗಾಗಿ ವರ್ಮಿಗೂ ಥ್ರಸ್ಟ್ ಬೇರಿಂಗಿಗೂ ನಡುವಿನ ಶಾಫ್ಟ್ ಪೂರ್ತಿ ಅಮುಕಿಕೊಂಡಿದೆ. ತಿರುಚು ಹಾಗಲ್ಲ. ಅದು ದೊಡ್ಡ ಗೇರಿನಲ್ಲಿ ಹುಟ್ಟಿ ವರ್ಮಿನ ಕಡೆಗೆ ಮಾತ್ರ ಹೋಗುತ್ತದೆ. ಗೇರಿನಿಂದ ಥ್ರಸ್ಟ್ ಬೇರಿಂಗಿನ ಕಡೆಯ ಶಾಫ್ಟ್ ಸುಮ್ಮನೆ ತಿರುಗುತ್ತದೆ, ತಿರುಚಿಕೊಳ್ಳುವುದಿಲ್ಲ. ಬಾಗುವಿಕೆಗೆ ಕಾರಣ ಗೇರಿನ ಹಲ್ಲುಗಳ ಮೇಲೆ ಪಿನಿಯನ್ ಒತ್ತುವ ಬಲ. ಎರಡು ಬೇರಿಂಗುಗಳ ನಡುವೆ ಅದು ಶಾಫ್ಟನ್ನು ಬಗ್ಗಿಸುತ್ತದೆ, ಗೇರು ಕೂತಲ್ಲಿ ಅತಿ ಹೆಚ್ಚು.

ಈ ಮೂರನ್ನೂ ಮೂರು ಗೆರೆಚಿತ್ರಗಳಾಗಿ ಒಂದರ ಕೆಳಗೊಂದು ಬರೆದರೆ ಉತ್ತರದ ಅರ್ಧ ಕಣ್ಣಿಗೇ ಬೀಳುತ್ತದೆ. ಮೂರೂ ಒಟ್ಟಿಗೆ ದೊಡ್ಡದಾಗಿರುವ ಜಾಗ ಒಂದೇ: ಗೇರು ಕೂತ ಜಾಗದ ವರ್ಮಿನ ಕಡೆಯ ಅಂಚು. ಅದೇ ಗೇರಿನ ಇನ್ನೊಂದು ಅಂಚಿನಲ್ಲಿ ಬಾಗುವಿಕೆ ಅಷ್ಟೇ ಇದ್ದರೂ ತಿರುಚು ಸೊನ್ನೆ. ಸೂತ್ರಕ್ಕೆ ಕೈಹಾಕುವ ಮುಂಚೆ ಮಾಡಬೇಕಾದ ಈ ಕೆಲಸವನ್ನು ಬಿಟ್ಟು, ಎಲ್ಲ ಬಲಗಳ ಗರಿಷ್ಠ ಬೆಲೆಗಳನ್ನು ಒಂದೇ ಕಡೆ ಗುಡ್ಡೆ ಹಾಕುವವರೇ ಹೆಚ್ಚು. ಹಾಗೆ ಮಾಡಿದರೆ ಶಾಫ್ಟ್ ಸುರಕ್ಷಿತವಾಗಿರಬಹುದು, ಆದರೆ ಬಿರುಕನ್ನು ಎಲ್ಲಿ ಹುಡುಕಬೇಕೆಂದು ತಿಳಿಯುವುದಿಲ್ಲ.

ಇನ್ನು ಅಂಕಿಗಳು. ಇದು ಯಾವುದೋ ಒಂದು ಗಿರಣಿಯ ಅಳತೆಯಲ್ಲ, ಮಧ್ಯಮ ಗಾತ್ರದ ಯಂತ್ರಕ್ಕೆ ಒಪ್ಪುವಂತೆ ನಾನಿಟ್ಟುಕೊಂಡ ಲೆಕ್ಕ. ಮೋಟರು 30 ಎಚ್‌ಪಿ, ಅದರಲ್ಲಿ 20 ಕಿಲೋವಾಟ್ ಶಾಫ್ಟಿಗೆ ಮುಟ್ಟುತ್ತದೆ ಎನ್ನೋಣ. ಶಾಫ್ಟ್ ನಿಮಿಷಕ್ಕೆ 40 ಸುತ್ತು. ಆಗ ಟಾರ್ಕ್ 4,775 ನ್ಯೂಟನ್-ಮೀಟರ್. ಗೇರಿನ ವ್ಯಾಸ 600 ಮಿಲಿಮೀಟರ್ ಇದ್ದರೆ ಹಲ್ಲಿನ ಮೇಲಿನ ಬಲ, ಹಲ್ಲುಗಳು ಒಂದನ್ನೊಂದು ದೂರ ನೂಕುವ ಪಾಲನ್ನೂ ಸೇರಿಸಿ, ಸುಮಾರು 16.9 ಕಿಲೋನ್ಯೂಟನ್. ಬೇರಿಂಗುಗಳ ನಡುವೆ 600 ಮಿಲಿಮೀಟರ್ ಅಂತರ, ಗೇರು ಸರಿಯಾಗಿ ನಡುವೆ. ಬಾಗು ಮೊಮೆಂಟ್ 2,541 ನ್ಯೂಟನ್-ಮೀಟರ್. ಹಿಂಡಿ ಹಿಂದಕ್ಕೆ ತಳ್ಳುವ ಬಲ 120 ಕಿಲೋನ್ಯೂಟನ್, ಅಂದರೆ ಹನ್ನೆರಡು ಟನ್ನಿನಷ್ಟು. ಶಾಫ್ಟಿನ ವ್ಯಾಸ 100 ಮಿಲಿಮೀಟರ್.

ಶಾಫ್ಟನ್ನು ಆ ಅಂಚಿನಲ್ಲಿ ಅಡ್ಡ ಕೊಯ್ದಂತೆ ಭಾವಿಸಿ ಆ ಬಿಲ್ಲೆಯನ್ನು ನೋಡಿ. ಅಮುಕುವ ಬಲ ಬಿಲ್ಲೆಯ ಮೇಲೆಲ್ಲ ಸಮನಾಗಿ ಹಂಚಿಕೊಳ್ಳುತ್ತದೆ: ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ 15.3 ಮೆಗಾಪಾಸ್ಕಲ್. ಮೆಗಾಪಾಸ್ಕಲ್ ಎಂದರೆ ಚದರ ಮಿಲಿಮೀಟರಿಗೆ ಒಂದು ನ್ಯೂಟನ್. ಬಾಗುವಿಕೆಯ ಪೀಡನ ನಡುವೆ ಸೊನ್ನೆ, ಅಂಚಿಗೆ ಹೋದಂತೆ ಹೆಚ್ಚು. ಗೇರಿನ ಬಲ ಒತ್ತುವ ಬದಿಯಲ್ಲಿ 25.9 ಅಮುಕು, ಎದುರು ಬದಿಯಲ್ಲಿ 25.9 ಎಳೆತ. ತಿರುಚಿನ ಶಿಯರ್ ಪೀಡನವೂ ನಡುವೆ ಸೊನ್ನೆ, ಆದರೆ ಅಂಚಿನ ಸುತ್ತಲೂ ಒಂದೇ ಸಮ, 24.3.

ಬಾಗುವಿಕೆಯ ಸೂತ್ರ 32M/πd³, ತಿರುಚಿನದು 16T/πd³. ಎರಡರಲ್ಲೂ ವ್ಯಾಸದ ಘನವಿದೆ, ಹಾಗಾಗಿ ಹತ್ತು ಎಂಎಂ ದಪ್ಪ ಮಾಡಿಸುವ ಸಲಹೆ ಪೂರ್ತಿ ಪೊಳ್ಳಲ್ಲ: 100ರಿಂದ 110ಕ್ಕೆ ಹೋದರೆ ಪೀಡನ ಕಾಲು ಭಾಗ ಇಳಿಯುತ್ತದೆ.

ಅಮುಕು ಅಮುಕಿಗೆ ಕೂಡುತ್ತದೆ, ಎಳೆತ ಅಮುಕಿನಿಂದ ಕಳೆಯುತ್ತದೆ. ಗೇರಿನ ಬಲ ಒತ್ತುವ ಬದಿಯ ಅಂಚಿನಲ್ಲಿ 15.3 ಮತ್ತು 25.9 ಸೇರಿ 41.2 ಮೆಗಾಪಾಸ್ಕಲ್ ಅಮುಕು. ಎದುರು ಬದಿಯಲ್ಲಿ 25.9ರಿಂದ 15.3 ಕಳೆದು 10.6 ಎಳೆತ. ಎರಡೂ ಕಡೆ ತಿರುಚು 24.3. ಹಾಗಾದರೆ ಪಠ್ಯಪುಸ್ತಕದ ಉತ್ತರ ಸಿಕ್ಕಿತು: ನಿರ್ಣಾಯಕ ಬಿಂದು ಅಮುಕಿನ ಬದಿಯ ಅಂಚು. ಎಷ್ಟೋ ಪಾಠದ ಉದಾಹರಣೆಗಳಲ್ಲಿ ಶಾಫ್ಟನ್ನು ಎಳೆಯುವ ಬಲವೇ ಇರುವುದರಿಂದ ಎಳೆತದ ಬದಿ ಅಪಾಯದ್ದು ಎಂಬುದು ಅಭ್ಯಾಸವಾಗಿಬಿಟ್ಟಿರುತ್ತದೆ. ಬಲದ ದಿಕ್ಕು ತಿರುಗಿದರೆ ಬಿಂದುವೂ ಎದುರು ಬದಿಗೆ ಹೋಗುತ್ತದೆ.

ಈಗ ಎರಡು ಬಗೆಯ ಪೀಡನಗಳನ್ನು ಒಂದೇ ಅಂಕಿಗೆ ತರಬೇಕು. ಉಕ್ಕಿನ ಗುಣವನ್ನು ಪ್ರಯೋಗಶಾಲೆಯಲ್ಲಿ ಅಳೆಯುವುದು ಬರಿಯ ಎಳೆತದಲ್ಲಿ. ಇಲ್ಲಿರುವುದು ಅಮುಕು ಮತ್ತು ತಿರುಚು ಎರಡೂ. ಇವೆರಡನ್ನು ನೇರವಾಗಿ 41.2ಕ್ಕೆ 24.3 ಎಂದು ಕೂಡಿಸಲು ಬರುವುದಿಲ್ಲ, ಏಕೆಂದರೆ ಒಂದು ಮೇಲ್ಮೈಗೆ ನೇರವಾಗಿ ಒತ್ತುತ್ತದೆ, ಇನ್ನೊಂದು ಪದರಗಳನ್ನು ಒಂದರ ಮೇಲೊಂದು ಜಾರಿಸುತ್ತದೆ. ಫ್ರಾನ್ಸಿನ ತ್ರೆಸ್ಕಾ 1864ರಲ್ಲಿ ಲೋಹ ಹರಿಯತೊಡಗುವುದು ಗರಿಷ್ಠ ಜಾರುವಿಕೆಯಿಂದ ಎಂದ. ಅವನ ದಾರಿಯಲ್ಲಿ ಸಮಾನ ಪೀಡನ √(σ² + 4τ²), ನಮ್ಮ ಶಾಫ್ಟಿಗೆ 63.7. ಪೋಲೆಂಡಿನ ಹೂಬರ್ 1904ರಲ್ಲಿ, ಮೀಸಸ್ 1913ರಲ್ಲಿ ಕೊಟ್ಟ ದಾರಿ √(σ² + 3τ²), ಅದರಲ್ಲಿ 58.9. ಬಗ್ಗಬಲ್ಲ ಉಕ್ಕಿಗೆ ಎರಡನೆಯದು ಪ್ರಯೋಗಗಳಿಗೆ ಹೆಚ್ಚು ಹತ್ತಿರ. ಮೊದಲನೆಯದು ತುಸು ಹೆದರಿದವರ ಲೆಕ್ಕ, ಅಂದರೆ ತುಸು ಹೆಚ್ಚು ದಪ್ಪ ಕೇಳುತ್ತದೆ. ನನ್ನ ಮಟ್ಟಿಗೆ ಈ ವ್ಯತ್ಯಾಸ ಜಗಳಕ್ಕೆ ಯೋಗ್ಯವಲ್ಲ. ಹನ್ನೆರಡು ಟನ್ನು ಎಂಬ ಅಂಕಿಯೇ ಅಂದಾಜು, ಅದರ ಮುಂದೆ ಈ ಎಂಟು ಶೇಕಡಾ ಏನು ಮಹಾ?

ಲೆಕ್ಕವನ್ನು ಮೊಮೆಂಟಿನಲ್ಲೇ ಮಾಡುವ ಇನ್ನೊಂದು ದಾರಿಯಿದೆ, ಅದರಲ್ಲಿ ಅಮುಕುವ ಬಲದ ತೂಕ ಚೆನ್ನಾಗಿ ಗೊತ್ತಾಗುತ್ತದೆ. ಗಟ್ಟಿ ದುಂಡು ಶಾಫ್ಟಿನ ಅಂಚಿನಲ್ಲಿ F ಬಲ ಉಂಟುಮಾಡುವ ಪೀಡನ, Fd/8 ಎಂಬ ಬಾಗು ಮೊಮೆಂಟ್ ಉಂಟುಮಾಡುವುದಕ್ಕೆ ಸಮ. ನಮ್ಮ ಹನ್ನೆರಡು ಟನ್ನು ಇಲ್ಲಿ 1,500 ನ್ಯೂಟನ್-ಮೀಟರ್ ಬಾಗು ಮೊಮೆಂಟಿನಂತೆ ಕೆಲಸ ಮಾಡುತ್ತದೆ. ಅದನ್ನು ಬಿಟ್ಟು ಬರಿಯ ಬಾಗು, ತಿರುಚು ಸೇರಿಸಿದರೆ ಸಮಾನ ಟಾರ್ಕ್ 5,409. ಸೇರಿಸಿದರೆ 6,255. ಸಾಧಾರಣ ಗೇರ್ ಶಾಫ್ಟಿನಲ್ಲಿ ಮರೆತರೆ ನಡೆಯುವ ಅಕ್ಷೀಯ ಬಲ ಎಕ್ಸ್‌ಪೆಲ್ಲರಿನಲ್ಲಿ ನಡೆಯುವುದಿಲ್ಲ.

ಸಾಮಾನ್ಯವಾಗಿ ಇಂಥ ಶಾಫ್ಟಿಗೆ ಬಳಸುವ ಇಎನ್-8 ಉಕ್ಕು ಹರಿಯತೊಡಗುವುದು 350 ಮೆಗಾಪಾಸ್ಕಲ್ ಹತ್ತಿರದಲ್ಲಿ ಎಂದು ಹಿಡಿಯೋಣ. ನಮ್ಮ ಸಮಾನ ಪೀಡನ 59. ಸುಮಾರು ಆರು ಪಟ್ಟು ಸುರಕ್ಷತೆ! ಪರೀಕ್ಷೆಯಲ್ಲಿ ಇಲ್ಲಿಗೆ ಉತ್ತರ ಮುಗಿಯುತ್ತದೆ, ಹುಡುಗ ಅಡಿಗೆರೆ ಎಳೆಯುತ್ತಾನೆ. ಗಿರಣಿಯಲ್ಲಿ ಮಾತ್ರ ಶಾಫ್ಟ್ ಮುರಿದು ಬಿದ್ದಿರುತ್ತದೆ.

ಏಕೆಂದರೆ ನಾವು ಕಂಡುಕೊಂಡ ಆ ಬಿಂದು ಶಾಫ್ಟಿನ ಮೇಲೆ ಇಲ್ಲ. ಅದು ಗೇರ್‌ಬಾಕ್ಸಿನೊಳಗಿನ ಜಾಗದಲ್ಲಿ ಇದೆ. ಪಿನಿಯನ್ ಎಲ್ಲಿಂದ ಒತ್ತುತ್ತದೋ ಆ ದಿಕ್ಕು ನೆಲಕ್ಕೆ ಹೋಲಿಸಿದರೆ ಸ್ಥಿರ, ಆದರೆ ಶಾಫ್ಟ್ ತಿರುಗುತ್ತಿದೆ. ಅಂಚಿನ ಮೇಲೆ ಸೀಮೆಸುಣ್ಣದ ಒಂದು ಗುರುತು ಹಾಕಿದರೆ ಆ ಗುರುತು ಅರ್ಧ ಸುತ್ತಿನ ಹಿಂದೆ 41.2 ಅಮುಕಿನಲ್ಲಿತ್ತು, ಈಗ 10.6 ಎಳೆತದಲ್ಲಿದೆ, ಇನ್ನರ್ಧ ಸುತ್ತಿಗೆ ಮತ್ತೆ ಅಮುಕಿಗೆ ಹೋಗುತ್ತದೆ. ಅಂಚಿನ ಪ್ರತಿಯೊಂದು ಬಿಂದುವಿಗೂ ಇದೇ ಪಾಡು. ನಿರ್ಣಾಯಕ ಬಿಂದು ಎನ್ನುವುದು ಶಾಫ್ಟಿನ ಮೇಲೆ ಒಂದು ಉಂಗುರವಾಗುತ್ತದೆ. ಎರಡು ಶಿಫ್ಟಿನಲ್ಲಿ 16 ಗಂಟೆ ನಡೆದರೆ ದಿನಕ್ಕೆ 38,400 ಸಲ ಈ ಎಳೆತ-ಅಮುಕು. ಒಂದು ತಿಂಗಳು ತುಂಬುವ ಮೊದಲೇ ಹತ್ತು ಲಕ್ಷ ದಾಟುತ್ತದೆ.

ಬಲಗಳು ಇಲ್ಲಿ ಎರಡು ಗುಂಪಾಗುತ್ತವೆ. ಹಿಂಡಿಯ ತಳ್ಳು, ಗೇರಿನ ತಿರುಚು ಯಂತ್ರ ನಡೆಯುತ್ತಿರುವಷ್ಟು ಹೊತ್ತೂ ಹೆಚ್ಚುಕಡಿಮೆ ಒಂದೇ ಸಮ. ಏರಿಳಿಯುವುದು ಬಾಗುವಿಕೆಯ 25.9 ಮಾತ್ರ. ಲೋಹವನ್ನು ದಣಿಸಿ ಬಿರುಕು ಹುಟ್ಟಿಸುವುದು ಮುಖ್ಯವಾಗಿ ಈ ಏರಿಳಿತ. ರೈಲಿನ ಅಚ್ಚುಗಳು ಎಷ್ಟೋ ಕಡಿಮೆ ಭಾರದಲ್ಲಿ ಯಾಕೆ ಮುರಿಯುತ್ತವೆ ಎಂದು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಜರ್ಮನಿಯ ವೋಲರ್ ವರ್ಷಗಟ್ಟಲೆ ಪರೀಕ್ಷಿಸಿ ತೋರಿಸಿದ್ದು ಇದನ್ನೇ.

ಇದರಿಂದ ಒಂದು ವಿಚಿತ್ರ ಹೊರಡುತ್ತದೆ. ಒಮ್ಮೆಗೇ ಮಣಿಯುವ ಲೆಕ್ಕದಲ್ಲಿ ಹಿಂಡಿಯ ತಳ್ಳು ಶತ್ರು, ಅದು ಅಮುಕನ್ನು 25.9ರಿಂದ 41.2ಕ್ಕೆ ಏರಿಸಿತು. ದಣಿವಿನ ಲೆಕ್ಕದಲ್ಲಿ ಅದೇ ತಳ್ಳು ಮಿತ್ರ. ಬಿರುಕು ಬಾಯಿ ತೆರೆಯಲು ಎಳೆತ ಬೇಕು, ತಳ್ಳು ಆ ಎಳೆತವನ್ನು 25.9ರಿಂದ 10.6ಕ್ಕೆ ಇಳಿಸಿದೆ. ಹಾಗೆಂದು ಆ ಲಾಭವನ್ನು ಲೆಕ್ಕಕ್ಕೆ ಹಿಡಿಯುವುದು ಜಾಣತನವಲ್ಲ. ಕಾಳಿಲ್ಲದೆ ಯಂತ್ರ ತಿರುಗಿದಾಗ ತಳ್ಳು ಇರುವುದಿಲ್ಲ. ಸಮಾನ ಪೀಡನದ ಸೂತ್ರದಲ್ಲಿ σ ವರ್ಗವಾಗುವುದರಿಂದ ಎಳೆತವೋ ಅಮುಕೋ ಎಂಬ ಗುರುತು ಅಳಿಸಿಹೋಗುತ್ತದೆ. 59 ಎಂಬ ಒಂದೇ ಅಂಕಿಯನ್ನು ಹಿಡಿದು ಕೂತವರಿಗೆ ಈ ಭೇದ ಕಾಣುವುದೇ ಇಲ್ಲ.

ದಣಿವಿನ ಲೆಕ್ಕ ಮುಂದುವರಿಸೋಣ. 600 ಮೆಗಾಪಾಸ್ಕಲಿಗೆ ತುಂಡಾಗುವ ಉಕ್ಕಿನ ನಯವಾದ ಸಣ್ಣ ಸಲಾಕೆ ಏರಿಳಿತದಲ್ಲಿ ಸುಮಾರು 300 ತಡೆಯುತ್ತದೆ. ಲೇತಿನಲ್ಲಿ ತಿರುವಿದ ಮೇಲ್ಮೈ, 100 ಮಿಲಿಮೀಟರಿನ ಗಾತ್ರ, ಉಕ್ಕಿನ ಗುಣದಲ್ಲಿನ ಹೆಚ್ಚುಕಡಿಮೆ, ಇವನ್ನೆಲ್ಲ ಕಳೆದರೆ ಉಳಿಯುವುದು 150ರ ಆಸುಪಾಸು. ಗೇರು ಕೂತ ಜಾಗದಲ್ಲಿ ಕೀಗಾಗಿ ಕೊರೆದ ಕಾಲುವೆಯಿದೆ, ಅದರ ಅಂಚಿನಲ್ಲಿ ಪೀಡನ ದಟ್ಟವಾಗುತ್ತದೆ. ಬಾಗುವಿಕೆಗೆ ಎರಡು ಪಟ್ಟು ಎನ್ನೋಣ. ಅಲ್ಲಿಗೆ ಏರಿಳಿತ 52. ಮೂರು ಪಟ್ಟಿಗೆ ಹತ್ತಿರ ಸುರಕ್ಷತೆ. ಆರು ಮೂರಾಯಿತು, ಆದರೂ ಹೊಸ ಶಾಫ್ಟ್ ಮುರಿಯುವಂಥದ್ದಲ್ಲ.

ಮುರಿಯುವುದು ಬಹುಮಟ್ಟಿಗೆ ರಿಪೇರಿಯಾದ ಶಾಫ್ಟ್. ಗೇರು ಸಡಿಲವಾಗಿ ಕೂತ ಜಾಗ ಸವೆದಿರುತ್ತದೆ. ಹೊಸ ಶಾಫ್ಟಿಗೆ ದುಡ್ಡು, ದಿನ ಎರಡೂ ಬೇಕು. ಹಂಗಾಮಿನ ನಡುವೆ ಎರಡೂ ಇರುವುದಿಲ್ಲ. ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿ ಲೇತಿನಲ್ಲಿ ಮತ್ತೆ ಅಳತೆಗೆ ತರುತ್ತಾರೆ. ನೋಡಲು ಹೊಸದರಂತೆ ಇರುತ್ತದೆ. ಆದರೆ ಇಂಗಾಲ ತುಸು ಹೆಚ್ಚಿರುವ ಈ ಉಕ್ಕನ್ನು ಮೊದಲು ಕಾಯಿಸದೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದ ಪದರ ಬೇಗ ತಣಿದು ಗಡುಸಾಗಿ ಪೆಡಸಾಗುತ್ತದೆ, ಅಲ್ಲಿ ಕಣ್ಣಿಗೆ ಕಾಣದ ಸೀಳುಗಳು ಹುಟ್ಟುತ್ತವೆ. ತಣಿಯುವಾಗ ಕುಗ್ಗಿದ ವೆಲ್ಡ್ ಲೋಹ ತಾನೇ ಎಳೆತದಲ್ಲಿ ಉಳಿಯುತ್ತದೆ. ಹಿಂಡಿಯ ತಳ್ಳು ಕೊಟ್ಟ ಅಮುಕಿನ ಲಾಭವನ್ನು ಈ ಒಳ ಎಳೆತ ನುಂಗಿಹಾಕುತ್ತದೆ. ಇಂಥ ಜಾಗದಲ್ಲಿ ತಡೆಯುವ ಶಕ್ತಿ 150ರಿಂದ ಅದರ ಮೂರನೆಯ ಒಂದು ಪಾಲಿಗೆ ಇಳಿದರೆ, 50. ಏರಿಳಿತ 52. ಯಂತ್ರದ ಮೇಲೆ ಹೆಚ್ಚಿನ ಭಾರ ಏನೂ ಬಿದ್ದಿಲ್ಲ, ಕಾಳೂ ಅದೇ, ಮೋಟರೂ ಅದೇ, ಆದರೆ ಬಿರುಕು ಶುರುವಾಗುತ್ತದೆ.

ಹತ್ತು ಎಂಎಂ ದಪ್ಪದ ಸಲಹೆ ಸೋಲುವುದು ಇಲ್ಲಿ. ಅದು ಪೀಡನವನ್ನು ಕಾಲು ಭಾಗ ಇಳಿಸುತ್ತದೆ, ವೆಲ್ಡ್ ಶಕ್ತಿಯನ್ನು ಮೂರರಲ್ಲಿ ಎರಡು ಪಾಲು ಇಳಿಸಿರುತ್ತದೆ.

ಇದು ದಣಿವಿನ ಮುರಿತವೋ, ಕಬ್ಬಿಣದ ತುಂಡು ಸಿಕ್ಕಿ ಒಮ್ಮೆಗೇ ಬಿಗಿದು ಮುರಿದದ್ದೋ ಎಂಬುದನ್ನು ಮುರಿದ ಮುಖವೇ ಹೇಳುತ್ತದೆ. ತಿರುಚಿನ ಅತಿಭಾರಕ್ಕೆ ಒಮ್ಮೆಗೇ ಹೋದ ಶಾಫ್ಟಿನ ಮುಖ ಚಪ್ಪಟೆ, ಸುರುಳಿ ಸುತ್ತಿದಂತೆ ಉಜ್ಜಿದ ಗುರುತು, ಕೀ ಕಾಲುವೆಯೂ ವಾರೆಯಾಗಿ ತಿರುಚಿರುತ್ತದೆ. ದಣಿದು ಮುರಿದದ್ದರಲ್ಲಿ ಕಾಲುವೆ ನೇರವೇ ಇರುತ್ತದೆ. ಮುಖ ಶಾಫ್ಟಿಗೆ ಅಡ್ಡವಾಗಿ, ಅಂಚಿನ ಒಂದೆರಡು ಕಡೆಯಿಂದ ಅಲೆಯಲೆಯಾಗಿ ಹರಡಿದ ನಯವಾದ ಗೆರೆಗಳು, ಕೊನೆಗೆ ಒರಟಾದ ಒಂದು ತುಂಡು. ಆ ಒರಟು ತುಂಡು ಕೊನೆಯ ಗಳಿಗೆಯಲ್ಲಿ ಹರಿದ ಭಾಗ. ಅದು ಚಿಕ್ಕದಿದ್ದಷ್ಟೂ ಭಾರ ಕಡಿಮೆ ಇತ್ತೆಂದು ಅರ್ಥ. ನಮ್ಮ ಲೆಕ್ಕದಂಥ ಶಾಫ್ಟಿನಲ್ಲಿ ಅದು ತೀರ ಚಿಕ್ಕದಿರಬೇಕು. ಅಷ್ಟು ಚಿಕ್ಕದನ್ನು ನೋಡಿಯೂ "ಲೋಡ್ ಜಾಸ್ತಿಯಾಯ್ತು" ಎಂದು ಗಿರಣಿಯ ಕೆಲಸದವನನ್ನು ಬೈಯುವುದು ಅನ್ಯಾಯ. ಅಲೆಗಳು ಎಲ್ಲಿಂದ ಹೊರಟಿವೆಯೋ ಅಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ವೆಲ್ಡಿನ ಅಂಚೋ, ಕಾಲುವೆಯ ಮೂಲೆಯೋ ಸಿಗುತ್ತದೆ.

ಮಾಲೀಕರ ಕೈಯಲ್ಲಿರುವುದು ಬಾಯಿಯ ಕೋನ್. ಹಿಂಡಿಯಲ್ಲಿ ಎಣ್ಣೆ ಉಳಿಯುತ್ತಿದೆ ಎನಿಸಿದಾಗ ಅದನ್ನು ಇನ್ನೊಂದಿಷ್ಟು ಬಿಗಿ ಮಾಡುತ್ತಾರೆ. ತಳ್ಳು ಇಮ್ಮಡಿಯಾಯಿತೆನ್ನೋಣ, 240 ಕಿಲೋನ್ಯೂಟನ್. ಬರಿಯ ತಳ್ಳಿನ ಲೆಕ್ಕದಲ್ಲಿ ಶಾಫ್ಟಿಗೆ ಹೆದರಿಕೆಯಿಲ್ಲ: ಅಮುಕಿನ ಬದಿ 56.5ಕ್ಕೆ ಏರುತ್ತದೆ, ಎದುರು ಬದಿಯಲ್ಲಿ ಎಳೆತ ಪೂರ್ತಿ ಮಾಯವಾಗಿ ಅಲ್ಲೂ 4.7 ಅಮುಕೇ ಉಳಿಯುತ್ತದೆ. ಟಾರ್ಕೂ ಜತೆಗೆ ಏರುವುದರಿಂದ ಹಲ್ಲಿನ ಬಲ, ಬಾಗು ಎರಡೂ ಏರುತ್ತವೆ, ಅದು ಬೇರೆ ಮಾತು, ಮತ್ತು ಅದನ್ನು ಮೋಟರಿನ ಆಂಪಿಯರ್ ಮೀಟರು ತೋರಿಸುತ್ತದೆ. ಮೀಟರು ತೋರಿಸದೇ ಇರುವುದು ಥ್ರಸ್ಟ್ ಬೇರಿಂಗಿನ ಗತಿ. ರೋಲರ್ ಬೇರಿಂಗಿನ ಆಯುಷ್ಯ ಭಾರದ 10/3 ಘಾತಕ್ಕೆ ವಿಲೋಮ. ಭಾರ ಇಮ್ಮಡಿಯಾದರೆ ಆಯುಷ್ಯ ಹತ್ತರಲ್ಲಿ ಒಂದು ಪಾಲು. ಹತ್ತು ವರ್ಷ ಬಾಳಬೇಕಾದದ್ದು ಒಂದೇ ವರ್ಷಕ್ಕೆ ಮುಗಿಯುತ್ತದೆ.

ಥ್ರಸ್ಟ್ ಬೇರಿಂಗ್ ಸವೆದಾಗ ಇಡೀ ಶಾಫ್ಟ್ ಹಿಂದಕ್ಕೆ ಸರಿಯುತ್ತದೆ. ಆಗ ಹನ್ನೆರಡು ಟನ್ನು ತನ್ನ ದಾರಿ ಬಿಟ್ಟು ಗೇರಿನ ಪಕ್ಕಕ್ಕೋ ಇನ್ನೊಂದು ಬೇರಿಂಗಿನ ಪಕ್ಕಕ್ಕೋ ಒರಗಿ ನಿಲ್ಲುತ್ತದೆ. ಒಂದೇ ಬದಿಗೆ ಒರಗಿದ ಬಲ ಶಾಫ್ಟಿನ ನಡುಗೆರೆಯಿಂದ ಎಷ್ಟು ದೂರವೋ ಅಷ್ಟು ಹೊಸ ಬಾಗುವಿಕೆ ಹುಟ್ಟುತ್ತದೆ. ಕೇವಲ 20 ಮಿಲಿಮೀಟರ್ ಪಕ್ಕಕ್ಕಾದರೂ 2,400 ನ್ಯೂಟನ್-ಮೀಟರ್, ಅಂದರೆ ಗೇರಿನಿಂದ ಬರುತ್ತಿದ್ದ ಬಾಗುವಿಕೆಯಷ್ಟೇ ಮತ್ತೊಂದು. ಮೊದಲು ಬರೆದ ಮೂರು ಗೆರೆಚಿತ್ರಗಳು ಆ ಹೊತ್ತಿಗೆ ಆ ಯಂತ್ರದವಾಗಿ ಉಳಿದಿರುವುದಿಲ್ಲ. ಹಂಗಾಮು ಶುರುವಾಗುವ ಮುನ್ನ ಶಾಫ್ಟಿನ ತುದಿಗೆ ಡಯಲ್ ಗೇಜ್ ಇಟ್ಟು, ಶಾಫ್ಟನ್ನು ಹಿಂದೆ ಮುಂದೆ ತಳ್ಳಿ ಎಷ್ಟು ಸರಿಯುತ್ತದೆ ಎಂದು ಅಳೆದು ಗೋಡೆಯ ಮೇಲೆ ಬರೆದಿಡುವ ಮೇಸ್ತ್ರಿಗಳು ಇದ್ದಾರೆ. ಹೋದ ವರ್ಷದ ಅಂಕಿಗಿಂತ ಈ ವರ್ಷದ್ದು ಹೆಚ್ಚಾಗಿದ್ದರೆ ಅವರು ಶಾಫ್ಟಿಗೆ ಕೈಹಾಕುವ ಮೊದಲು ಬೇರಿಂಗ್ ತರಿಸುತ್ತಾರೆ.